ಬಾಣಂತಿಯ ಮನಸ್ಸು ಕುಗ್ಗಿದಾಗ: ಗಂಡ, ಅತ್ತೆ, ಮಾವ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೆರಿಗೆ ವಾರ್ಡಿನಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿದ್ದೆ. ಹೊಲಿಗೆ ನೋಯುತ್ತಿದೆಯಾ, ಹಾಲು ಬರುತ್ತಿದೆಯಾ, ಜ್ವರ ಇದೆಯಾ ಅಂತ ದಿನಾ ಕೇಳುತ್ತಿದ್ದೆ. ಮನಸ್ಸು ಹೇಗಿದೆ ಅಂತ ಕೇಳಿದ್ದು ಬಹಳ ಕಡಿಮೆ. ನನ್ನ ತಮ್ಮನ ಹೆಂಡತಿಗೆ ಹೆರಿಗೆಯ ನಂತರದ ಖಿನ್ನತೆ ಬಂದಾಗ ಅದು ನನಗೇ ಗೊತ್ತಾಗಲು ಏಳು ವಾರ ಬೇಕಾಯಿತು. ಆಮೇಲೆ ನೆಂಟರು, ಅವರ ನೆಂಟರು, ಅಕ್ಕಪಕ್ಕದವರು ಎಲ್ಲ ಫೋನ್ ಮಾಡಿ ಕೇಳಲು ಶುರು ಮಾಡಿದರು. ಕೇಳುವವರು ಹೆಚ್ಚಾಗಿ ಗಂಡಂದಿರು ಮತ್ತು ಅತ್ತೆಯಂದಿರು. ಅವರ ಪ್ರಶ್ನೆಗಳು ಮತ್ತು ನಾನು ಕೊಡುವ ಉತ್ತರಗಳು ಇಲ್ಲಿವೆ.

ಹೆರಿಗೆಯಾಗಿ ಐದು ದಿನ ಆಯ್ತು. ಸುಮ್ನೆ ಸುಮ್ನೆ ಅಳ್ತಾಳೆ. ಇದು ಖಿನ್ನತೆನಾ?

ಐದನೇ ದಿನಕ್ಕೆ ಹಾಗೆ ಹೇಳಲು ಆಗುವುದಿಲ್ಲ. ಹೆರಿಗೆಯಾದ ಎರಡು ಮೂರು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಹೀಗಾಗುತ್ತದೆ. ಒಂದು ಗಳಿಗೆ ನಗು, ಮರುಗಳಿಗೆ ಅಳು. ಯಾಕೆ ಅಳುತ್ತಿದ್ದೀಯ ಅಂದರೆ ಅವಳಿಗೇ ಗೊತ್ತಿರುವುದಿಲ್ಲ. ಬಸಿರಿನಲ್ಲಿ ಏರಿದ್ದ ಹಾರ್ಮೋನುಗಳು ಮಾಸು ಬಿದ್ದ ಕೂಡಲೇ ಒಮ್ಮೆಲೇ ಇಳಿಯುತ್ತವೆ. ಅದೇ ಹೊತ್ತಿಗೆ ಎದೆ ಹಾಲು ಇಳಿಯುತ್ತಿರುತ್ತದೆ, ನಿದ್ದೆ ಕೆಟ್ಟಿರುತ್ತದೆ. ಐದನೇ ದಿನದ ಹೊತ್ತಿಗೆ ಅಳು ಜಾಸ್ತಿಯಾಗಿ, ಹತ್ತು ಹದಿನಾಲ್ಕು ದಿನದೊಳಗೆ ತಾನಾಗಿ ಹೋಗುತ್ತದೆ. ಔಷಧಿ ಬೇಡ. ಪಕ್ಕದಲ್ಲಿ ಕೂತರೆ ಸಾಕು.

ಕ್ಯಾಲೆಂಡರಿನಲ್ಲಿ ಹದಿನೈದನೇ ದಿನಕ್ಕೆ ಒಂದು ಗುರುತು ಹಾಕಿಕೊಳ್ಳಿ. ಆ ದಿನವೂ ಅಳು, ಮಂಕು ಹಾಗೇ ಇದ್ದರೆ ಅಥವಾ ಜಾಸ್ತಿಯಾಗಿದ್ದರೆ ಆಗ ಖಿನ್ನತೆ ಇರಬಹುದು ಅಂತ ಯೋಚಿಸಬೇಕು. ಖಿನ್ನತೆ ಎರಡನೇ ವಾರಕ್ಕೇ ಬರಬೇಕೆಂದೇನೂ ಇಲ್ಲ. ಬಸಿರಿನಲ್ಲೇ ಶುರುವಾಗಬಹುದು. ಮಗುವಿಗೆ ಆರು ತಿಂಗಳು ತುಂಬಿ ಅನ್ನಪ್ರಾಶನ ಮಾಡುವ ಹೊತ್ತಿಗೂ ಬರಬಹುದು.

ಹಾಗಾದರೆ ಖಿನ್ನತೆ ಅಂತ ಗುರುತಿಸೋದು ಹೇಗೆ? ಅವಳು ಅಳೋದೇ ಇಲ್ಲ.

ಅಳದಿರುವವರೇ ಕೈತಪ್ಪಿ ಹೋಗುತ್ತಾರೆ. ನಾನು ಮೋಸ ಹೋಗಿದ್ದೂ ಅಲ್ಲೇ.

ನನ್ನ ತಮ್ಮನ ಹೆಂಡತಿಯ ತವರು ಹಾಸನ. ಸಿಸೇರಿಯನ್ ಆಗಿತ್ತು, ಹೆಣ್ಣು ಮಗು. ಅವಳಮ್ಮನಿಗೆ ಮಂಡಿ ನೋವು ಜಾಸ್ತಿಯಾಯಿತು ಅಂತ ಒಂದೂವರೆ ತಿಂಗಳಿಗೇ ತುಮಕೂರಿಗೆ, ನಮ್ಮಮ್ಮನ ಮನೆಗೆ ಕರೆತಂದೆವು. ನಾನು ನೋಡಲು ಹೋದಾಗ ಮಧ್ಯಾಹ್ನ ಮೂರು ಗಂಟೆ. ಮಗು ಗಾಢ ನಿದ್ದೆಯಲ್ಲಿತ್ತು. ಅವಳು ಮಂಚದ ತುದಿಯಲ್ಲಿ ಕೂತು ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದಿದ್ದಳು, ಉಸಿರು ಬರುತ್ತಿದೆಯಾ ಅಂತ. ಕಿಟಕಿ ಕಟ್ಟೆ ಮೇಲೆ ಊಟದ ತಟ್ಟೆ. ಕಲಸಿದ ಅನ್ನ ಒಣಗಿ ಅಂಚಿಗೆ ಹತ್ತಿಕೊಂಡಿತ್ತು. "ಮಗು ಮಲಗಿದಾಗ ನೀನೂ ಮಲಗೋದಲ್ವಾ?" ಅಂದೆ. "ಮಲಗ್ತೀನಿ ಅಕ್ಕ, ನಿದ್ದೆ ಬರಲ್ಲ" ಅಂದಳು. ಧ್ವನಿಯಲ್ಲಿ ಏರಿಳಿತವೇ ಇರಲಿಲ್ಲ.

ಆ ಮಾತನ್ನು ನೆನಪಿಡಿ. ಬಾಣಂತಿಗೆ ನಿದ್ದೆ ಕಡಿಮೆ ಇರುವುದು ಸಹಜ. ಆದರೆ ಮಗು ಮಲಗಿದೆ, ಮೈ ದಣಿದಿದೆ, ನೋಡಿಕೊಳ್ಳಲು ಬೇರೆಯವರೂ ಇದ್ದಾರೆ, ಆದರೂ ಕಣ್ಣು ಮುಚ್ಚಲು ಆಗುತ್ತಿಲ್ಲ ಅಂದರೆ ಅದು ಬರೀ ಸುಸ್ತಲ್ಲ. ಊಟದ ರುಚಿ ಹೋಗಿರುತ್ತದೆ. ಇಷ್ಟದ ಯಾವುದೂ ಬೇಡವಾಗಿರುತ್ತದೆ. "ನಾನು ಒಳ್ಳೇ ಅಮ್ಮ ಅಲ್ಲ", "ಈ ಮಗುಗೆ ಬೇರೆ ಯಾರಾದರೂ ಅಮ್ಮ ಆಗಬೇಕಿತ್ತು" ಅನ್ನುವಂಥ ಮಾತು ಬರುತ್ತದೆ. ಕೆಲವರು ಅಳುವುದರ ಬದಲು ಸಿಡುಕುತ್ತಾರೆ, ಗಂಡನ ಮೇಲೆ ರೇಗುತ್ತಾರೆ. ಕೆಲವರು ಎಲ್ಲ ಕೆಲಸವನ್ನೂ ಯಂತ್ರದ ಹಾಗೆ ಮಾಡುತ್ತಾರೆ, ಮಗುವಿನ ಮುಖ ಮಾತ್ರ ನೋಡುವುದಿಲ್ಲ. ಇನ್ನು ಕೆಲವರು ತಲೆನೋವು, ಎದೆ ಹೊಡೆತ, ಮೈಕೈ ಉರಿ ಅಂತ ಮಾತ್ರ ಹೇಳುತ್ತಾರೆ. ಇವುಗಳಲ್ಲಿ ಕೆಲವು ಎರಡು ವಾರ, ದಿನದ ಹೆಚ್ಚು ಹೊತ್ತು ಇದ್ದರೆ ಡಾಕ್ಟರಿಗೆ ತೋರಿಸಬೇಕು.

ಅಳತೆ ಮಾಡೋಕೆ ಏನಾದರೂ ಇದೆಯಾ?

ಇದೆ. 1987ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರಾದಲ್ಲಿ ಮಾಡಿದ ಹತ್ತು ಪ್ರಶ್ನೆಗಳ ಪಟ್ಟಿ. ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಹೇಗಿತ್ತು ಅಂತ ಮಾತ್ರ ಕೇಳುತ್ತದೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರು ಅಂಕ, ಒಟ್ಟು 30. ಹತ್ತು ಮುಟ್ಟಿದರೆ ತೋರಿಸುವುದು ಒಳ್ಳೆಯದು, ಹದಿಮೂರು ಮುಟ್ಟಿದರೆ ತಡ ಮಾಡಬಾರದು. ನಮ್ಮವಳಿಗೆ 18 ಬಂತು.

ಹತ್ತನೇ ಪ್ರಶ್ನೆ ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅನ್ನುವುದು. ಅದಕ್ಕೆ "ಅಪರೂಪಕ್ಕೆ" ಅಂತ ಗುರುತು ಹಾಕಿದ್ದರೂ ಒಟ್ಟು ಅಂಕ ನೋಡಬೇಡಿ. ಅವತ್ತೇ ಡಾಕ್ಟರ ಹತ್ತಿರ ಮಾತಾಡಿ. ಇನ್ನೊಂದು ಮಾತು. ಈ ಪಟ್ಟಿಯನ್ನು ಅವಳೊಬ್ಬಳೇ ಕೂತು ತುಂಬಬೇಕು. ಅತ್ತೆ ಎದುರಿಗೆ ಕೂತು ಓದಿ ಹೇಳಿದರೆ ಎಲ್ಲದಕ್ಕೂ "ಚೆನ್ನಾಗಿದೀನಿ" ಅಂತಲೇ ಉತ್ತರ ಬರುತ್ತದೆ.

ನಮ್ಮ ಕಾಲದಲ್ಲಿ ಏಳೆಂಟು ಹೆತ್ತರೂ ಇದೆಲ್ಲ ಇರಲಿಲ್ಲ. ಈಗ ಯಾಕೆ?

ಇತ್ತು. ಬಾಣಂತಿ ಸನ್ನಿ ಅನ್ನುವ ಮಾತು ನಮ್ಮ ಅಜ್ಜಿಯರ ಬಾಯಲ್ಲೂ ಇತ್ತಲ್ಲ? ಅವರು ತೀರಾ ಕೆಟ್ಟ ರೂಪಕ್ಕೆ ಹೆಸರಿಟ್ಟಿದ್ದರು. ಸದ್ದಿಲ್ಲದೆ ಒಳಗೇ ಬೇಯುವುದಕ್ಕೆ ಹೆಸರು ಇರಲಿಲ್ಲ, ಅಷ್ಟೇ. ನಮ್ಮಮ್ಮನೂ ಮೊದಲು ಇದೇ ಮಾತು ಹೇಳಿದಳು. ಎರಡು ದಿನ ಆದ ಮೇಲೆ ಬತ್ತಿ ಹೊಸೆಯುತ್ತಾ ಕೂತವಳು, "ನಿನ್ನ ತಮ್ಮ ಹುಟ್ಟಿದಾಗ ನಾನೂ ಹಿತ್ತಿಲ ಕಲ್ಲಿನ ಮೇಲೆ ಕೂತು ಅಳ್ತಿದ್ದೆ ಕಣೇ, ಬಟ್ಟೆ ಒಗೆಯೋ ನೆಪ ಮಾಡ್ಕೊಂಡು" ಅಂದಳು. ಅಲ್ಲಿಂದ ಮುಂದೆ ಅವಳಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ.

ನಮ್ಮ ದೇಶದ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಐವರು ತಾಯಂದಿರಲ್ಲಿ ಸುಮಾರು ಒಬ್ಬರಿಗೆ ಈ ಲಕ್ಷಣಗಳು ಕಾಣುತ್ತವೆ.

ನಮ್ಮ ಮನೇಲಿ ಏನೂ ಕೊರತೆ ಇಲ್ಲ. ಆದರೂ ಯಾಕೆ ಬಂತು?

ಕೊರತೆ ಇಲ್ಲದ ಮನೆಯಲ್ಲೂ ಬರುತ್ತದೆ. ಹಾರ್ಮೋನು, ಹಿಂದೆ ಖಿನ್ನತೆ ಬಂದಿದ್ದರೆ ಅದು, ಕಷ್ಟದ ಹೆರಿಗೆ, ಮಗು ಐಸಿಯುನಲ್ಲಿ ಇದ್ದದ್ದು, ಹಾಲಿನ ತೊಂದರೆ ಹೀಗೆ ಹಲವು ಕಾರಣ ಸೇರುತ್ತವೆ. ಮೈಯಲ್ಲಿನ ಎರಡು ಕಾರಣಗಳನ್ನು ಮಾತ್ರ ಪರೀಕ್ಷೆ ಮಾಡಿಸಲೇಬೇಕು. ರಕ್ತ ಕಡಿಮೆ ಇರುವುದು ಮತ್ತು ಥೈರಾಯ್ಡ್ ಏರುಪೇರು. ಹೆರಿಗೆಯಾದ ಮೇಲೆ ಕೆಲವರಿಗೆ ಥೈರಾಯ್ಡ್ ಹೊಸದಾಗಿ ಕೆಡುತ್ತದೆ, ಅದರಿಂದಲೂ ಮಂಕು, ಸುಸ್ತು ಬರುತ್ತದೆ. ನಮ್ಮವಳಿಗೆ ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ 8.9 ಇತ್ತು. ಕಬ್ಬಿಣದ ಮಾತ್ರೆಯೂ ಚಿಕಿತ್ಸೆಯ ಭಾಗವೇ ಆಯಿತು.

ಮನೆಯ ಒಳಗಿನ ಕಾರಣವನ್ನೂ ಬಿಚ್ಚಿ ಹೇಳುತ್ತೇನೆ. ಗೋವಾದಲ್ಲಿ ತಾಯಂದಿರನ್ನು ಹಿಂಬಾಲಿಸಿ ಮಾಡಿದ ಒಂದು ಅಧ್ಯಯನ 2002ರಲ್ಲಿ ಬಂತು. ಬಡತನ, ಗಂಡನೊಂದಿಗೆ ಸರಿ ಇಲ್ಲದಿರುವುದು, ಗಂಡನ ಹೊಡೆತ, ಇವು ಖಿನ್ನತೆಯ ಜೊತೆ ಕಂಡವು. ಹೆಣ್ಣು ಮಗು ಹುಟ್ಟಿದಾಗ ಈ ಅಪಾಯ ಇನ್ನೂ ಏರಿತ್ತು. ಮಗುವಿನಿಂದ ಹಾಗಾಗುವುದಿಲ್ಲ, ಮಗು ಹುಟ್ಟಿದ ಮೇಲೆ ಮನೆಯವರು ಆಡುವ ಮಾತಿನಿಂದ ಆಗುತ್ತದೆ. ನಮ್ಮ ಮನೆಗೆ ಮಗು ನೋಡಲು ಬಂದ ದೊಡ್ಡಮ್ಮ ಒಬ್ಬರು "ಇರಲಿ ಬಿಡು, ಮುಂದಿನದು ಗಂಡಾಗುತ್ತೆ" ಅಂದಿದ್ದರು. ಸಮಾಧಾನಕ್ಕೆ ಹೇಳಿದ ಮಾತು. ಏಳು ವಾರ ಆದ ಮೇಲೂ ಅವಳು ಅದನ್ನು ಒಂದಕ್ಷರ ಬಿಡದೆ ಹೇಳಿದಳು. ಇಂಥ ಮಾತು ಬಂದ ಕೂಡಲೇ, ಅವಳ ಎದುರಿಗೇ, ಮಾವನೋ ಗಂಡನೋ "ನಮಗೆ ಇದೇ ಮಗು ಬೇಕಿತ್ತು" ಅಂತ ಹೇಳಿಬಿಡಬೇಕು. ಆಮೇಲೆ ಒಳಗೆ ಹೋಗಿ ಸಮಾಧಾನ ಮಾಡಿದರೆ ಅಷ್ಟು ಹತ್ತುವುದಿಲ್ಲ.

ಅವಳು ತವರಲ್ಲಿದ್ದಾಳೆ, ನಾನು ಬೆಂಗಳೂರಲ್ಲಿ. ಗಂಡನಾಗಿ ಏನು ಮಾಡಲಿ?

ಮೊದಲು, ಫೋನಿನಲ್ಲಿ "ಮಗು ಏನು ಮಾಡ್ತಿದೆ?" ಅಂತ ಶುರು ಮಾಡುವುದನ್ನು ಬಿಡಿ. "ನಿನ್ನೆ ರಾತ್ರಿ ನಿನಗೆ ಎಷ್ಟು ಹೊತ್ತು ನಿದ್ದೆ ಆಯ್ತು?" ಅಂತ ಕೇಳಿ. ಉತ್ತರ ಬಂದ ಮೇಲೆ ಪರಿಹಾರ ಹೇಳಲು ಹೋಗಬೇಡಿ, ಕೇಳಿಸಿಕೊಳ್ಳಿ. ವಿಡಿಯೋ ಕಾಲ್ ಮಾಡಿದಾಗ ಕ್ಯಾಮೆರಾ ಬರೀ ಮಗುವಿನ ಕಡೆಗೇ ಇರುತ್ತದೆ. ಅವಳ ಮುಖವನ್ನೂ ನೋಡಿ.

ಶನಿವಾರ ಹೋಗಿ ಭಾನುವಾರ ಬರುವವರು ನೆಂಟರ ಹಾಗೆ ಕೂರಬೇಡಿ. ಆ ಒಂದು ರಾತ್ರಿ ಮಗು ನಿಮ್ಮದು. ಅತ್ತೆ ಮಾವನ ಮನೆಯಲ್ಲಿ ಅಳಿಯ ಬಟ್ಟೆ ಬದಲಿಸಿದರೆ ಏನೆಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಬಹಳ ಜನಕ್ಕಿದೆ. ಒಂದು ದಿನ ಮಾಡಿ, ಎರಡನೇ ದಿನಕ್ಕೆ ಅದು ಅವರಿಗೂ ರೂಢಿಯಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಡಾಕ್ಟರ ಹತ್ತಿರ ಹೋಗುವ ದಿನ ನೀವೇ ಜೊತೆಗೆ ಹೋಗಬೇಕು. ನಿನ್ನಮ್ಮನ ಜೊತೆ ಹೋಗು ಅನ್ನಬೇಡಿ. ಗಂಡ ಪಕ್ಕದಲ್ಲಿ ಕೂತಿದ್ದರೆ "ಇದು ನನ್ನೊಬ್ಬಳ ತಪ್ಪಲ್ಲ" ಅನ್ನುವುದು ಅವಳಿಗೆ ಯಾರೂ ಹೇಳದೆ ಅರ್ಥವಾಗುತ್ತದೆ. ಡಾಕ್ಟರು ಅವಳೊಬ್ಬಳ ಹತ್ತಿರ ಮಾತಾಡಬೇಕು ಅಂದಾಗ ಮಾತ್ರ ಎದ್ದು ಹೊರಗೆ ಬನ್ನಿ.

ಗಂಡಂದಿರಿಗೂ ಈ ಹೊತ್ತಿನಲ್ಲಿ ಖಿನ್ನತೆ ಬರುವುದುಂಟು. ನಿಮಗೂ ಹಾಗನ್ನಿಸಿದರೆ ಅದೇ ಡಾಕ್ಟರಿಗೆ ಹೇಳಿ.

ಮನೆಯವರು ಮಾಡಬಹುದಾದ ಒಂದೇ ಒಂದು ಕೆಲಸ ಹೇಳಿ ಅಂದರೆ?

ಅವಳಿಗೆ ರಾತ್ರಿ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಸಿಗುವ ಹಾಗೆ ಮಾಡಿ. ಮಧ್ಯೆ ಮಧ್ಯೆ ಎದ್ದು ಒಟ್ಟು ಏಳು ಗಂಟೆ ಮಲಗಿದರೂ ಅದು ಇದಕ್ಕೆ ಸಮ ಅಲ್ಲ. ಮಾತ್ರೆ, ಸಮಾಲೋಚನೆ ಎಲ್ಲ ಡಾಕ್ಟರ ಕೈಯಲ್ಲಿವೆ. ನಿದ್ದೆ ಮಾತ್ರ ಮನೆಯವರ ಕೈಯಲ್ಲಿದೆ.

ನಮ್ಮ ಮನೆಯಲ್ಲಿ ಹೇಗೆ ಮಾಡಿದೆವು ಅಂತ ಹೇಳುತ್ತೇನೆ. ಆಗ ಮಗುವಿಗೆ ಎಂಟು ವಾರ, ತೂಕ ಚೆನ್ನಾಗಿ ಏರುತ್ತಿತ್ತು. ತಮ್ಮ ಒಂದು ತಿಂಗಳ ಮಟ್ಟಿಗೆ ಬೆಂಗಳೂರಿನ ರೂಮು ಬಿಟ್ಟು ತುಮಕೂರಿನಿಂದಲೇ ದಿನಾ ರೈಲಿನಲ್ಲಿ ಹೋಗಿ ಬರಲು ಶುರು ಮಾಡಿದ. ರಾತ್ರಿ ಒಂಬತ್ತಕ್ಕೆ ಅವಳು ಮಗುವಿಗೆ ಹಾಲು ಕೊಟ್ಟು ಬೇರೆ ಕೋಣೆಗೆ ಮಲಗಲು ಹೋಗುತ್ತಿದ್ದಳು. ಅಲ್ಲಿಂದ ಹನ್ನೆರಡೂವರೆವರೆಗೆ ಅಮ್ಮನ ಪಾಳಿ. ಹನ್ನೆರಡರ ಹೊತ್ತಿಗೆ ಮಗು ಎದ್ದರೆ ಹಿಂಡಿಟ್ಟ ಎದೆ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಿದ್ದಳು. ಆಮೇಲೆ ತಮ್ಮನ ಪಾಳಿ. ಎರಡು ಗಂಟೆಗೆ ಅವನು ಮಗುವನ್ನು ಅವಳ ಹತ್ತಿರ ಒಯ್ದು ಹಾಲು ಕುಡಿಸಿ, ವಾಪಸ್ ತಂದು ತೇಗಿಸಿ, ಬಟ್ಟೆ ಬದಲಿಸಿ ಮಲಗಿಸುತ್ತಿದ್ದ. ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ, ದೀಪವನ್ನೂ ಹಾಕುತ್ತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಅಪ್ಪ ಎದ್ದು ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ಓಡಾಡುತ್ತಿದ್ದರು. ಹೀಗೆ ಅವಳಿಗೆ ಒಂಬತ್ತೂಕಾಲಿಂದ ಎರಡರವರೆಗೆ ಒಂದು ಗಟ್ಟಿ ನಿದ್ದೆ, ಆಮೇಲೆ ಇನ್ನೊಂದು ತುಂಡು ನಿದ್ದೆ.

ಮೊದಲ ಮೂರು ರಾತ್ರಿ ಕೆಲಸ ಮಾಡಲಿಲ್ಲ. ಮಗು ಕುಂಯ್ ಅಂದರೆ ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. ಹಿಂದಿನ ಕೋಣೆಗೆ ಮಂಚ ಸರಿಸಿ, ಸದ್ದು ಕೇಳದಿರಲಿ ಅಂತ ಫ್ಯಾನ್ ಜೋರಾಗಿ ಹಾಕಿದೆವು. "ಎರಡು ಗಂಟೆಗೆ ನಾನೇ ಎಬ್ಬಿಸ್ತೀನಿ, ಅದಕ್ಕೆ ಮುಂಚೆ ಏಳಬೇಡ" ಅಂತ ತಮ್ಮ ಮಾತು ಕೊಟ್ಟ. ನಾಲ್ಕನೇ ರಾತ್ರಿ ಅವಳು ಮಲಗಿದಳು.

ಹಾಲಿನ ವಿಷಯದಲ್ಲಿ ಎಚ್ಚರ ಬೇಕು. ಬೆಳಿಗ್ಗೆ ಹಾಲು ಜಾಸ್ತಿ ಇರುವಾಗ ಕೈ ತೊಳೆದು, ಕುದಿಸಿದ ಸ್ಟೀಲ್ ಲೋಟಕ್ಕೆ ಹಿಂಡಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಆ ದಿನವೇ ಬಳಸಿ. ಹೊರಗಿಟ್ಟರೆ ನಾಲ್ಕು ಗಂಟೆಗಿಂತ ಹೆಚ್ಚು ಬೇಡ, ಬೇಸಿಗೆಯಲ್ಲಿ ಇನ್ನೂ ಕಡಿಮೆ. ಕುದಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಲೋಟ ಇಟ್ಟು ಬೆಚ್ಚಗೆ ಮಾಡಿ. ಒಳಲೆಯಲ್ಲಿ ಕುಡಿಸುವಾಗ ಮಗುವಿನ ತಲೆ ಎತ್ತರಕ್ಕಿರಲಿ, ಗುಟುಕು ಗುಟುಕಾಗಿ ಕೊಡಿ. ಅವಳಿಗೆ ಎದೆ ಕಟ್ಟಿ ನೋವಾದರೆ ಎದ್ದು ಹಾಲು ಕೊಡಲಿ, ನೋವು ತಡೆದುಕೊಂಡು ಮಲಗಬಾರದು.

ಮಗು ಹುಟ್ಟಿದ ಮೊದಲ ಕೆಲವು ವಾರ ಹೀಗೆ ಮಾಡಲಾಗದು. ಆಗ ಎರಡು ಮೂರು ಗಂಟೆಗೊಮ್ಮೆ ಎದೆಗೆ ಹಾಕಲೇಬೇಕು. ಹಾಲು ಕುಡಿಸುವುದೊಂದು ಅವಳ ಕೆಲಸ, ಉಳಿದದ್ದೆಲ್ಲ ಬೇರೆಯವರದು ಅಂತ ಮಾಡಿಕೊಳ್ಳಿ. ಇಷ್ಟೆಲ್ಲ ಮಾಡಿದರೂ, ಮಗು ಪಕ್ಕದಲ್ಲಿಲ್ಲದಿದ್ದರೂ ಅವಳಿಗೆ ನಿದ್ದೆ ಹತ್ತುತ್ತಿಲ್ಲ ಅಂದರೆ ಅದನ್ನು ಡಾಕ್ಟರಿಗೆ ಮೊದಲು ಹೇಳಿ.

ನಾನು ಅತ್ತೆ. ಏನು ಹೇಳಿದರೂ ತಪ್ಪಾಗುತ್ತೆ. ಹೇಗೆ ಮಾತಾಡಲಿ?

ನಿಮ್ಮ ಕಷ್ಟ ನನಗೆ ಗೊತ್ತು. ನಿಮಗೂ ವಯಸ್ಸಾಗಿದೆ, ನಿಮಗೂ ನಿದ್ದೆ ಕೆಡುತ್ತದೆ. ಆದರೂ ಎರಡು ಮಾತು ಬಿಡಿ. "ಹಾಲು ಸಾಲ್ತಿಲ್ಲ ಅನ್ನಿಸುತ್ತೆ, ಅದಕ್ಕೇ ಮಗು ಅಳ್ತಿದೆ" ಅನ್ನುವುದು ಒಂದು. ಮಗು ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಿದ್ದು ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ ಅರ್ಥ. ಇನ್ನೊಂದು, "ಮಗು ಮುಖ ನೋಡಿ ಆದರೂ ಧೈರ್ಯ ತಂದ್ಕೋ" ಅನ್ನುವುದು. ಮಗುವಿನ ಮುಖ ನೋಡಿದಾಗಲೂ ಏನೂ ಅನ್ನಿಸುತ್ತಿಲ್ಲವಲ್ಲ ಅನ್ನುವುದೇ ಅವಳನ್ನು ಕೊರೆಯುತ್ತಿರುತ್ತದೆ.

ಅದರ ಬದಲು ಕೆಲಸ ಮಾಡಿ. "ಏನಾದರೂ ಬೇಕಾ?" ಅಂದರೆ ಬೇಡ ಅನ್ನುತ್ತಾಳೆ. ಕೇಳದೆಯೇ ಮೆಣಸಿನ ಸಾರು ಅನ್ನ ಬಿಸಿ ಬಿಸಿ ತಂದು, ಮಗುವನ್ನು ಎತ್ತಿಕೊಂಡು, "ನೀನು ಉಣ್ಣು, ನಾನು ಇಲ್ಲೇ ಕೂತಿರ್ತೀನಿ" ಅನ್ನಿ. ನಮ್ಮಮ್ಮ ಮಾಡಿದ್ದು ಇಷ್ಟೇ. ಮಗು ನೋಡಲು ಬರುವವರನ್ನೂ ನೀವೇ ತಡೆಯಬಹುದು. ಸೊಸೆ ಬೇಡ ಅಂದರೆ ಅಹಂಕಾರ ಅನ್ನುತ್ತಾರೆ, ನೀವು "ಇನ್ನೊಂದು ತಿಂಗಳು ಬಿಟ್ಟು ಬನ್ನಿ" ಅಂದರೆ ಯಾರೂ ಏನೂ ಅನ್ನುವುದಿಲ್ಲ.

ಕಾಯಿಲೆ ಗುರುತಿಸಿ ಔಷಧಿ ಕೊಡುವುದು ಡಾಕ್ಟರ ಕೆಲಸ. ಆದರೆ ಮನೆಯ ಹೆಂಗಸರು ಜೊತೆ ನಿಂತರೆ ಎಷ್ಟು ವ್ಯತ್ಯಾಸವಾಗುತ್ತದೆ ಅನ್ನುವುದಕ್ಕೆ ಒಂದು ಗಟ್ಟಿ ಉದಾಹರಣೆ ಪಾಕಿಸ್ತಾನದ ಹಳ್ಳಿಗಳದು. ಅಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಮಹಿಳೆಯರಿಗೆ ತರಬೇತಿ ಕೊಟ್ಟು ಖಿನ್ನತೆ ಇದ್ದ ತಾಯಂದಿರ ಮನೆಗೆ ಕಳಿಸಿದರು. ಮನೆಯವರನ್ನೂ ಜೊತೆಗೆ ಕೂರಿಸಿಕೊಂಡು, ಮಗುವಿನ ಆರೈಕೆ ನೆಪದಲ್ಲೇ ತಾಯಿಯ ಯೋಚನೆಗಳ ಬಗ್ಗೆ ಮಾತಾಡುತ್ತಿದ್ದರು. 2008ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ಮೇಲೆ, ಸುಮ್ಮನೆ ಭೇಟಿ ಕೊಟ್ಟ ಕಡೆ ನೂರಕ್ಕೆ 53 ತಾಯಂದಿರು ಇನ್ನೂ ಖಿನ್ನತೆಯಲ್ಲಿದ್ದರು. ಹೀಗೆ ಮಾತಾಡಿದ ಕಡೆ 23 ಮಾತ್ರ.

ಬಾಣಂತನದ ಪಥ್ಯ ಮುಂದುವರಿಸಬಹುದಾ?

ಎಣ್ಣೆ ನೀರು, ಬೆಚ್ಚಗಿನ ಊಟ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ಇರಲಿ. ಮೈ ತಿಕ್ಕಿ ನೀರು ಹಾಕಿದ ಮೇಲೆ ಬರುವ ನಿದ್ದೆ ಬೇರೆಲ್ಲೂ ಸಿಗದು. ಆದರೆ ನೀರು ಕಡಿಮೆ ಕುಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಬಾಯಾರಿದಷ್ಟೂ ಕುಡಿಯಬೇಕು. ಬೇಳೆ, ಹಣ್ಣು, ಮೊಟ್ಟೆ ತಿನ್ನುವ ಮನೆಯಲ್ಲಿ ಮೊಟ್ಟೆ, ಇವನ್ನೂ ತಪ್ಪಿಸಬೇಡಿ. ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲಿ ಒಬ್ಬಳನ್ನೇ ಇಡುವುದೂ ಬೇಡ. ಬೆಳಿಗ್ಗೆ ಅರ್ಧ ಗಂಟೆ ಜಗಲಿಯ ಬೆಳಕಿನಲ್ಲಿ ಕೂರಲಿ, ಕಿವಿಗೆ ಬಟ್ಟೆ ಕಟ್ಟಿಕೊಂಡೇ ಕೂರಲಿ.

ಮಗುವಿಗೆ ಏನಾದರೂ ಮಾಡಿಬಿಡ್ತೀನೇನೋ ಅಂತ ಅವಳೇ ಹೇಳಿದಳು. ಭಯ ಆಗ್ತಿದೆ.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ಬೇಡದ ಯೋಚನೆ. ಮಹಡಿ ಮೆಟ್ಟಿಲಿಳಿಯುವಾಗ ಮಗು ಕೈ ಜಾರಿದರೆ, ನೀರು ಹಾಕುವಾಗ ಮುಳುಗಿದರೆ ಅಂತ ಚಿತ್ರ ಕಣ್ಣ ಮುಂದೆ ಬರುತ್ತದೆ. ಅವಳಿಗೆ ಅದು ಅಸಹ್ಯ, ಭಯ. ಅದಕ್ಕೇ ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಾಳೆ. ಇಂಥ ಯೋಚನೆ ಆರೋಗ್ಯವಾಗಿರುವ ತಾಯಂದಿರಿಗೂ ಬರುತ್ತದೆ, ಖಿನ್ನತೆ ಮತ್ತು ಆತಂಕದಲ್ಲಿ ಜಾಸ್ತಿ. ಅವಳು ಹೇಳಿದಳು ಅಂತ ಮಗುವನ್ನು ಕಿತ್ತುಕೊಳ್ಳಬೇಡಿ. ಹೇಳಿದ್ದು ಒಳ್ಳೆಯದಾಯಿತು ಅನ್ನಿ, ಡಾಕ್ಟರಿಗೆ ತಿಳಿಸಿ.

ಇನ್ನೊಂದು, ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೆರಡು, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ, ಒಮ್ಮಿಂದೊಮ್ಮೆಲೇ. ನಿದ್ದೆ ಪೂರ್ತಿ ಹೋಗುತ್ತದೆ. ಯಾರದೋ ಧ್ವನಿ ಕೇಳುತ್ತದೆ ಅನ್ನುತ್ತಾಳೆ. ಮಗು ತನ್ನದಲ್ಲ, ದೇವರು, ಇಲ್ಲವೇ ಮಗುವಿಗೆ ಕೆಟ್ಟದ್ದು ಹೊಕ್ಕಿದೆ ಅಂತ ನಂಬುತ್ತಾಳೆ. ಆ ನಂಬಿಕೆಯಲ್ಲಿ ಅವಳಿಗೆ ಭಯವೂ ಇರದಿರಬಹುದು, ಅದೇ ಅಪಾಯ. ಇದು ಬೆಳಗಾಗುವವರೆಗೆ ಕಾಯುವ ವಿಷಯವಲ್ಲ. ತಾಯಿ ಮಗು ಇಬ್ಬರನ್ನೇ ಬಿಡದೆ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಳಿ ಸೋಂಕು ಅಂತ ತಾಯಿತ ಕಟ್ಟಿಸಲು ಹೋಗಿ ದಿನ ಕಳೆಯಬೇಡಿ. ದೃಷ್ಟಿ ತೆಗೆದರೆ ಮನೆಯವರಿಗೆ ಸಮಾಧಾನ ಅಂದರೆ ತೆಗೆದು ಕಾರು ಹತ್ತಿಸಿ.

"ನಾನಿಲ್ಲದಿದ್ದರೇ ಒಳ್ಳೇದು" ಅಂತಾಳೆ. ಸುಮ್ನೆ ಹೆದರಿಸೋಕೆ ಹೇಳ್ತಾಳಾ?

ಇಲ್ಲ ಅಂದುಕೊಂಡೇ ನಡೆಯಿರಿ. ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಬಚ್ಚಿಟ್ಟುಕೊಂಡದ್ದು ಹೊರಗೆ ಬರುತ್ತದೆ. ನಮ್ಮವಳು "ಮಲಗಿದವಳು ಏಳದೇ ಹೋದರೆ ಸಾಕು ಅನ್ನಿಸುತ್ತೆ ಅಕ್ಕ" ಅಂದಳು. ಅವತ್ತಿನಿಂದ ಅವಳನ್ನು ಒಬ್ಬಳನ್ನೇ ಬಿಡಲಿಲ್ಲ. ಮನೆಯಲ್ಲಿದ್ದ ತೋಟದ ಔಷಧಿ, ಅಪ್ಪನ ಮಾತ್ರೆಗಳು ಎಲ್ಲ ಬೀಗದೊಳಗೆ ಹೋದವು. ಮಾರನೇ ದಿನ ಡಾಕ್ಟರ ಹತ್ತಿರ ಇದ್ದೆವು.

ಹೇಗೆ ಅಂತ ಅವಳು ಆಗಲೇ ಯೋಚಿಸಿದ್ದರೆ ಮಾರನೇ ದಿನದವರೆಗೂ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, 108 ಅಥವಾ 112ಕ್ಕೆ ಕರೆ ಮಾಡಿ.

ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಮೊದಲ ಫೋನು 14416, ಟೆಲಿ ಮಾನಸ್. 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಗಂಡನೋ ಅತ್ತೆಯೋ ಮಾಡಿದರೂ ಸಲಹೆ ಕೊಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇದೆ. ಹಲವು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಗೊತ್ತಾದ ದಿನ ಬರುತ್ತಾರೆ. ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೇಗೂ ಅವರು ಮಗುವನ್ನು ನೋಡಲು 42ನೇ ದಿನದವರೆಗೆ ಹಲವು ಸಲ ಮನೆಗೆ ಬರುತ್ತಾರೆ. ಹೆರಿಗೆ ಮಾಡಿಸಿದ ಡಾಕ್ಟರಿಂದಲೂ ಶುರು ಮಾಡಬಹುದು.

ತೀವ್ರವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಿಭಾಗವೇ ಇದೆ. "ಅಡ್ಮಿಟ್ ಮಾಡಿದರೆ ಮಗುವಿನಿಂದ ದೂರ ಮಾಡ್ತಾರೆ" ಅಂತ ಬಹಳ ಜನ ಹೆದರುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯ ಇದ್ದರೆ ಮಾತ್ರ ಸ್ವಲ್ಪ ಕಾಲ ಬೇರೆ ಇಡಬಹುದು.

ಮಾತ್ರೆ ತಗೊಂಡರೆ ಹಾಲು ನಿಲ್ಲಿಸಬೇಕಾ?

ಹೆಚ್ಚಿನ ಸಂದರ್ಭದಲ್ಲಿ ಬೇಡ. ಖಿನ್ನತೆ ಹಗುರವಾಗಿದ್ದರೆ ಬರೀ ಸಮಾಲೋಚನೆಯಲ್ಲೇ ಸರಿಹೋಗಬಹುದು. ಮಾತ್ರೆ ಬೇಕಾದರೆ ಹಾಲೂಡಿಸುವವರಿಗೆ ಡಾಕ್ಟರು ಹೆಚ್ಚಾಗಿ ಕೊಡುವುದು ಸರ್ಟ್ರಲೀನ್. ಅದು ಹಾಲಿಗೆ ಬರುವ ಪ್ರಮಾಣ ತುಂಬಾ ಕಡಿಮೆ. ಮಗು ಹಾಲು ಕುಡಿಯುವುದು ಕಮ್ಮಿ ಮಾಡಿದರೆ, ಎಬ್ಬಿಸಿದರೂ ಏಳದಷ್ಟು ನಿದ್ದೆ ಮಾಡಿದರೆ ಹೇಳಿ, ಅಷ್ಟೇ. ಇದು ಚಟ ಹಿಡಿಸುವ ಮಾತ್ರೆಯಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆ ಸುತ್ತು, ಕಿರಿಕಿರಿ ಬರುತ್ತದೆ. ಡಾಕ್ಟರು ಹೇಳಿದ ಹಾಗೆ ಇಳಿಸಬೇಕು.

ಒಂದು ವಿಷಯ ಮುಚ್ಚಿಡಬೇಡಿ. ಅವಳಿಗೆ ಮೊದಲು ಯಾವತ್ತಾದರೂ ಅತಿ ಉತ್ಸಾಹ, ನಿದ್ದೆಯೇ ಬೇಡ, ಮಾತೇ ನಿಲ್ಲದು ಅನ್ನುವ ಹಾಗೆ ಆಗಿತ್ತಾ? ತವರಿನಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತಾ? ಇದ್ದರೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಡುವುದು ಅಪಾಯ, ಚಿಕಿತ್ಸೆಯೇ ಬೇರೆ. ಮದುವೆ ಹೊತ್ತಿನಲ್ಲಿ ಹೇಳಿರಲಿಲ್ಲ ಅಂತ ತವರಿನವರು ಅತ್ತೆ ಮನೆಯವರ ಎದುರು ಬಾಯಿ ಬಿಡುವುದಿಲ್ಲ. ಅತ್ತೆ ಮಾವ ಕೋಣೆಯಿಂದ ಹೊರಗೆ ಹೋಗಿ, ಅವಳಮ್ಮನಿಗೆ ಡಾಕ್ಟರ ಜೊತೆ ಐದು ನಿಮಿಷ ಬಿಟ್ಟುಕೊಡಿ. ಏನು ಹೇಳಿದರು ಅಂತ ಆಮೇಲೆ ಕೇಳಬೇಡಿ.

ಎಷ್ಟು ದಿನಕ್ಕೆ ಗುಣವಾಗುತ್ತೆ?

ಮಾತ್ರೆ ಶುರು ಮಾಡಿದ ಮೊದಲ ವಾರ ನಮ್ಮವಳಿಗೆ ವಾಕರಿಕೆ ಬಂತು, ಒಳ್ಳೆಯದೇನೂ ಕಾಣಲಿಲ್ಲ. "ಇದರಿಂದ ಏನೂ ಆಗ್ತಿಲ್ಲ, ಬಿಡಿಸೋಣ" ಅಂತ ತಮ್ಮ ಅಂದ. ಬಹಳ ಮನೆಯವರು ಸೋಲುವುದು ಇಲ್ಲೇ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲು ಸರಿಹೋಗಿದ್ದು ನಿದ್ದೆ, ಆಮೇಲೆ ಊಟ. ಮೂರನೇ ವಾರದ ಕೊನೆಯಲ್ಲಿ ಮಗುವಿನ ಕುಲಾವಿ ತಪ್ಪಾಗಿ ಕಟ್ಟಿದ್ದಾನೆ ಅಂತ ತಮ್ಮನ ಜೊತೆ ಜಗಳಕ್ಕಿಳಿದಳು. ಅಮ್ಮ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಆರು ವಾರಕ್ಕೆ ಪಟ್ಟಿಯ ಅಂಕ 18ರಿಂದ 9ಕ್ಕೆ ಬಂತು, ಮೂರು ತಿಂಗಳಿಗೆ 4. ಮಧ್ಯೆ ಕೆಟ್ಟ ದಿನಗಳೂ ಬಂದವು. ಒಂದು ಕೆಟ್ಟ ದಿನ ಬಂತು ಅಂದರೆ ಮೊದಲಿನ ಸ್ಥಿತಿಗೆ ಹೋದಳು ಅಂತಲ್ಲ.

ಚೆನ್ನಾಗಿ ಆದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮಾತ್ರೆ ಮುಂದುವರಿಸುತ್ತಾರೆ. ಅವಳು ಒಟ್ಟು ಒಂಬತ್ತು ತಿಂಗಳು ತೆಗೆದುಕೊಂಡಳು.

ಮುಂದಿನ ಹೆರಿಗೆಯಲ್ಲೂ ಬರುತ್ತಾ?

ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಬಂದೇ ಬರುತ್ತದೆ ಅಂತಲ್ಲ. ಬಸಿರು ಗೊತ್ತಾದ ಕೂಡಲೇ ಹೆರಿಗೆ ಡಾಕ್ಟರಿಗೆ ಹಿಂದಿನದನ್ನು ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. ಮೊದಲ ಸಲ ಬಂದಿದ್ದು ಸನ್ನಿ ಆಗಿದ್ದರೆ ಬಸಿರಿಗೆ ಮುಂಚೆಯೇ ಮನೋವೈದ್ಯರನ್ನು ನೋಡಬೇಕು.

ನನ್ನ ತಮ್ಮನ ಹೆಂಡತಿಗೆ ಈಗ ಎರಡನೆಯದು, ಏಳು ತಿಂಗಳು. ರಾತ್ರಿ ಪಾಳಿಯ ಚೀಟಿಯನ್ನು ಅಪ್ಪ ಆಗಲೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಬೆಳಿಗ್ಗೆ ಐದೂವರೆ ಅವರದೇ.